ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಶುಗರ್ ಮಾತ್ರೆಗಳು, ಬಿ.ಪಿ. ಮತ್ತು ಅಡ್ಡ ಪರಿಣಾಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಕಡೆಯ ನಮ್ಮ ಕ್ಲಿನಿಕ್ಕಿನಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ, ಸಂತೆ ದಿನ ರಸ್ತೆಯಲ್ಲಿ ಸಿಕ್ಕಾಗ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ಹೊಸ ಶುಗರ್ ಔಷಧಿಗಳು ಹಲವಿವೆ. ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಒಂದೇ ಗುಂಪಿನ ಬಗ್ಗೆ, ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಅಂತ ಬರುವ ಮಾತ್ರೆಗಳ ಬಗ್ಗೆ. ಈಗ ನಮ್ಮೂರಿನ ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿ ಇವು ಇವೆ. ತಗೊಳ್ಳುವವರಿಗೇ ಇವುಗಳ ಗುಣ ಗೊತ್ತಿಲ್ಲ.

## ಮಾತ್ರೆ ಶುರು ಮಾಡುವಾಗ

ಡಾಕ್ಟ್ರೇ, ಕೊಟ್ಟಿದ್ದು ಶುಗರ್ ಮಾತ್ರೆ. ಬಿ.ಪಿ.ನೂ ಇಳಿಯುತ್ತೆ ಅಂತೀರಿ. ಅದು ಹೆಂಗೆ?

ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸುತ್ತವೆ. ಅದರ ಜೊತೆ ಸಕ್ಕರೆಯೂ ಸೋಸಿ ಬರುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ ಸುಮಾರು 180 ಗ್ರಾಂ. ಕಿಡ್ನಿ ಅಷ್ಟನ್ನೂ ಮೂತ್ರಕ್ಕೆ ಬಿಡುವುದಿಲ್ಲ. ಸೋಸಿದ ಸಕ್ಕರೆಯನ್ನು ಮತ್ತೆ ಹೀರಿ ರಕ್ತಕ್ಕೆ ವಾಪಸ್ ಕಳಿಸುತ್ತದೆ. ಈ ವಾಪಸ್ ಕಳಿಸುವ ಕೆಲಸದ ಹೆಚ್ಚಿನ ಪಾಲನ್ನು ಮಾಡುವುದು ಎಸ್‌ಜಿಎಲ್‌ಟಿ2 ಎಂಬ ಬಾಗಿಲು. ಆ ಬಾಗಿಲಿನಲ್ಲಿ ಸಕ್ಕರೆಯ ಜೊತೆಗೇ ಉಪ್ಪೂ ಒಳಗೆ ಹೋಗುತ್ತದೆ.

ಗ್ಲಿಫ್ಲೋಜಿನ್ ಮಾತ್ರೆ ಆ ಬಾಗಿಲಿಗೆ ಅಗುಳಿ ಹಾಕುತ್ತದೆ. ಆಗ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಚಹಾ ಚಮಚದ ಲೆಕ್ಕದಲ್ಲಿ ಹದಿನೈದು ಚಮಚ ಅಂದುಕೊಳ್ಳಿ. ಸಕ್ಕರೆ ಹೋಗುವಾಗ ನೀರನ್ನು ಎಳೆದುಕೊಂಡು ಹೋಗುತ್ತದೆ, ಸ್ವಲ್ಪ ಉಪ್ಪೂ ಹೋಗುತ್ತದೆ. ರಕ್ತನಾಳದೊಳಗಿನ ನೀರು, ಉಪ್ಪು ಕಡಿಮೆಯಾದರೆ ಒತ್ತಡ ಇಳಿಯಲೇಬೇಕು ಅಲ್ವಾ? ಬಿ.ಪಿ. ಇಳಿಯುವುದಕ್ಕೆ ಇದೇ ಮೊದಲ ಕಾರಣ. ಆಮೇಲೆ ಎರಡು ಮೂರು ಕಿಲೋ ತೂಕ ಇಳಿಯುತ್ತದೆ. ಅದೂ ಸಹಾಯಕ್ಕೆ ಬರುತ್ತದೆ.

ಈ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಮಾತ್ರೆಯ ಒಳ್ಳೆಯದು, ಕೆಟ್ಟದ್ದು ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಹುಟ್ಟುತ್ತದೆ: ಸಕ್ಕರೆ, ಉಪ್ಪು, ನೀರು ಮೂತ್ರದ ದಾರಿಯಲ್ಲಿ ಹೊರಗೆ ಹೋಗುತ್ತವೆ.

ನಮ್ಮ ಚೀಟಿಯಲ್ಲಿ ಈ ಮಾತ್ರೆ ಇದೆಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ?

ಮಾತ್ರೆಯ ಕಂಪನಿ ಹೆಸರು ನೋಡಬೇಡಿ. ಅದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಸ್ಟ್ರಿಪ್ಪನ್ನು ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಬರೆದ ಔಷಧಿಯ ಹೆಸರು ಓದಿ. ಕನ್ನಡಕ ಬೇಕಾಗುತ್ತದೆ, ಮೊಮ್ಮಕ್ಕಳ ಕೈಲಿ ಓದಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ರೆಮೊಗ್ಲಿಫ್ಲೋಜಿನ್ ಇವುಗಳಲ್ಲಿ ಯಾವುದಾದರೂ ಇದ್ದರೆ ಈ ಬರಹ ನಿಮಗೇ. ಡಾಪಾ ಸಾಮಾನ್ಯವಾಗಿ 10 ಮಿಲಿಗ್ರಾಂ, ಎಂಪಾ 10 ಅಥವಾ 25.

ತೊಂದರೆ ಆಗುವುದು ಜೋಡಿ ಮಾತ್ರೆಗಳಲ್ಲಿ. ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಜೊತೆ, ವಿಲ್ಡಾಗ್ಲಿಪ್ಟಿನ್ ಜೊತೆ ಇದನ್ನು ಸೇರಿಸಿ ಒಂದೇ ಗುಳಿಗೆ ಮಾಡಿರುತ್ತಾರೆ. ಕೆಲವದರಲ್ಲಿ ಮೂರು ಔಷಧಿ ಇರುತ್ತವೆ. ಇಲ್ಲಿ ಶುಗರಿಗೆ ಅಂತ ಒಬ್ಬರು ಜೋಡಿ ಮಾತ್ರೆ ಕೊಟ್ಟಿರುತ್ತಾರೆ. ಶಿವಮೊಗ್ಗದಲ್ಲಿ ಹಾರ್ಟಿಗೆ ಅಂತ ಇನ್ನೊಬ್ಬರು ಬಿಡಿ ಡಾಪಾ ಕೊಟ್ಟಿರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿನದ್ದು ಒಂದೇ. ಹಾಗೆ ಎರಡೆರಡು ನುಂಗುತ್ತಿದ್ದವರನ್ನು ನಾನು ನೋಡಿದ್ದೇನೆ. ಬೇರೆ ಡಾಕ್ಟರ ಹತ್ತಿರ ಹೋಗುವಾಗ ಬರೀ ಚೀಟಿ ಸಾಲದು, ಸ್ಟ್ರಿಪ್ಪುಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಮುಂಚೆ ತುಂಬಾ ದುಬಾರಿ ಇತ್ತಂತೆ, ಈಗ ಕಡಿಮೆಗೆ ಸಿಗ್ತದಲ್ಲ, ಇದು ಡೂಪ್ಲಿಕೇಟಾ?

ಅಲ್ಲ. ಡಾಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ ನಮ್ಮ ದೇಶದಲ್ಲಿ 2020ರಲ್ಲಿ ಮುಗಿಯಿತು, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚಿನಲ್ಲಿ. ಆಮೇಲೆ ಬಹಳ ಕಂಪನಿಗಳು ಮಾಡಲು ಶುರು ಮಾಡಿದವು, ಬೆಲೆ ಇಳಿಯಿತು. ಬಿಲ್ ಕೊಡುವ ಅಂಗಡಿಯಲ್ಲಿ ತಗೊಳ್ಳಿ, ಅಷ್ಟೇ.

ಬಿ.ಪಿ. ಎಷ್ಟು ಇಳಿಯುತ್ತೆ? ಹಾಗಾದ್ರೆ ಹಳೇ ಬಿ.ಪಿ. ಮಾತ್ರೆ ಬಿಟ್ಟುಬಿಡ್ಲಾ?

ಬಿಡಬೇಡಿ. ಸರಾಸರಿ ಇಳಿಯುವುದು ಮೇಲಿನ ಅಂಕಿ 3ರಿಂದ 5, ಕೆಳಗಿನದು 1ರಿಂದ 2. ಅಂದರೆ 146/88 ಇದ್ದವರದ್ದು 142/86 ಆದೀತು. ಬಿ.ಪಿ.ಗೆಂದೇ ಇರುವ ಒಂದು ಮಾತ್ರೆ ಇದರ ದುಪ್ಪಟ್ಟು ಇಳಿಸುತ್ತದೆ. ಬರೀ ಬಿ.ಪಿ. ಇರುವವರಿಗೆ ಬಿ.ಪಿ. ಔಷಧಿ ಅಂತ ಇದನ್ನು ಯಾರೂ ಬರೆಯುವುದಿಲ್ಲ.

ಹಾಗಂತ ಈ ನಾಲ್ಕೈದು ಅಂಕಿ ಲೆಕ್ಕಕ್ಕಿಲ್ಲ ಅಂತಲ್ಲ. ಶುಗರ್ ಇರುವವರಲ್ಲಿ ಬಹಳ ಜನರಿಗೆ ಬಿ.ಪಿ.ಯೂ ಇರುತ್ತದೆ. ಆಗಲೇ ಎರಡು ಮಾತ್ರೆ ನುಂಗುತ್ತಿರುತ್ತಾರೆ. ಶುಗರಿಗೆ ಹೇಗೂ ಒಂದು ಮಾತ್ರೆ ಸೇರಿಸಬೇಕು ಅನ್ನುವಾಗ, ಬಿ.ಪಿ. ಏರಿಸದ, ತೂಕ ಏರಿಸದ, ಬದಲಿಗೆ ಎರಡನ್ನೂ ಸ್ವಲ್ಪ ಇಳಿಸುವ ಮಾತ್ರೆ ಒಳ್ಳೆಯ ಆಯ್ಕೆ. ಮಾತ್ರೆಯ ಡೋಸ್ ಜಾಸ್ತಿ ಮಾಡಿದರೆ ಬಿ.ಪಿ. ಅದೇ ಲೆಕ್ಕದಲ್ಲಿ ಮತ್ತಷ್ಟು ಇಳಿಯುತ್ತದೆ ಅಂದುಕೊಳ್ಳಬೇಡಿ, ಹಾಗಾಗುವುದಿಲ್ಲ.

ಮೂತ್ರದ ರಿಪೋರ್ಟಲ್ಲಿ ಸಕ್ಕರೆ 4+ ಬಂದಿದೆ. ಬಚ್ಚಲಲ್ಲಿ ಇರುವೆ ಮುತ್ತುತ್ತಾವೆ. ಶುಗರ್ ಕೈಮೀರಿ ಹೋಯ್ತಾ?

ಇಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಅಂತ ನಮ್ಮ ಹಿರಿಯರು ಪತ್ತೆ ಹಚ್ಚುತ್ತಿದ್ದರು. ಅದು ನಿಜವೇ. ಆದರೆ ಈ ಮಾತ್ರೆ ತಗೊಳ್ಳುವವರ ಮೂತ್ರದಲ್ಲಿ ರಕ್ತದ ಶುಗರ್ 110 ಇದ್ದರೂ ಸಕ್ಕರೆ ಇದ್ದೇ ಇರುತ್ತದೆ. ಹಾಗಾಗಿ ಮೂತ್ರದ ಸಕ್ಕರೆ ನೋಡಿ ಶುಗರ್ ಹತೋಟಿಯಲ್ಲಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ರಕ್ತದ ಶುಗರ್, ಮೂರು ತಿಂಗಳಿಗೊಮ್ಮೆ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಇವೆರಡನ್ನು ನೋಡಿ. ಲ್ಯಾಬಿನವರಿಗೂ ಮಾತ್ರೆಯ ಹೆಸರು ಹೇಳಿ.

ಪದೇ ಪದೇ ಮೂತ್ರಕ್ಕೆ ಹೋಗಬೇಕಾಗ್ತದೆ. ಬಸ್ಸಲ್ಲಿ ಶಿವಮೊಗ್ಗಕ್ಕೆ ಹೋಗೋದೇ ಕಷ್ಟ ಆಗಿದೆ.

ಮೊದಲ ಎರಡು ವಾರ ಜಾಸ್ತಿ ಇರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ದಿನಕ್ಕೆ ಒಂದೇ ಸಲ ಇರುವ ಮಾತ್ರೆಯಾದರೆ ಬೆಳಿಗ್ಗೆಯೇ ತಗೊಳ್ಳಿ, ರಾತ್ರಿ ಬೇಡ. ಪ್ರಯಾಣದ ದಿನ ಊರು ತಲುಪಿದ ಮೇಲೆ ತಗೊಂಡರೂ ನಡೆಯುತ್ತದೆ. ಬಸ್ಸಿನ ಹೆದರಿಕೆಗೆ ನೀರು ಕುಡಿಯುವುದನ್ನು ಬಿಡುವುದು ಮಾತ್ರ ತಪ್ಪು.

## ಕೆಲವು ವಾರ ಕಳೆದ ಮೇಲೆ

ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರ್ತದೆ. ಮಾತ್ರೆಯಿಂದಲಾ?

ಇರಬಹುದು. ಒಬ್ಬರ ವಿಷಯ ಹೇಳುತ್ತೇನೆ. 61 ವರ್ಷ, ಅಡಿಕೆ ತೋಟದವರು. ಬಿ.ಪಿ.ಗೆ ಟೆಲ್ಮಿಸಾರ್ಟನ್ 40, ಕ್ಲೋರ್‌ಥಾಲಿಡೋನ್ 12.5 ಸೇರಿದ ಒಂದು ಮಾತ್ರೆ ತಗೊಳ್ಳುತ್ತಿದ್ದರು. ಬಿ.ಪಿ. 148/86 ಇತ್ತು, ಎಚ್‌ಬಿಎ1ಸಿ 8.3. ಮೆಟ್‌ಫಾರ್ಮಿನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ 10 ಸೇರಿಸಿದೆ. ಅದು ನವೆಂಬರ್, ಕೊಯ್ಲಿನ ಕಾಲ. ಹದಿನೆಂಟು ದಿನ ಬಿಟ್ಟು ಬಂದರು. ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತು ಬೆಂಕಿ ದೂಡಿ, ಎದ್ದು ಹಂಡೆಗೆ ಕೈ ಹಾಕುವಷ್ಟರಲ್ಲಿ ಕಣ್ಣು ಕತ್ತಲೆ ಬಂದಿತ್ತು. ಪಕ್ಕದಲ್ಲಿದ್ದ ಆಳು ಹಿಡಿದುಕೊಳ್ಳದಿದ್ದರೆ ಕುದಿಯುವ ಹಂಡೆಯ ಮೇಲೇ ಬೀಳುತ್ತಿದ್ದರು.

ಕೂರಿಸಿ ನೋಡಿದೆ, 122/76. ಕೇಳಿದವರಿಗೆ ಎಷ್ಟು ಚೆನ್ನಾಗಿದೆ ಅನ್ನಿಸುವ ಬಿ.ಪಿ. ಎದ್ದು ನಿಲ್ಲಿಸಿದೆ. ಒಂದು ನಿಮಿಷಕ್ಕೆ 106/70, ಮೂರು ನಿಮಿಷಕ್ಕೆ 96/64. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ಅದು ತೊಂದರೆ. ಇವರದ್ದು 26 ಇಳಿದಿತ್ತು.

ಕಾರಣ ಅವರ ಹಳೇ ಮಾತ್ರೆಯಲ್ಲೇ ಇತ್ತು. ಕ್ಲೋರ್‌ಥಾಲಿಡೋನ್ ಅಂದರೆ ನೀರಿಳಿಸುವ ಮಾತ್ರೆ. ಅದೂ ಉಪ್ಪು ನೀರು ಹೊರಹಾಕುತ್ತದೆ, ಇದೂ ಹೊರಹಾಕುತ್ತದೆ. ಮೇಲಿನಿಂದ ಒಲೆಯ ಬೆವರು. ಡಾಪಾ ಬರೆದ ದಿನವೇ ನಾನು ಅದನ್ನು ಯೋಚಿಸಬೇಕಿತ್ತು. ಕ್ಲೋರ್‌ಥಾಲಿಡೋನ್ ತೆಗೆದು ಬರೀ ಟೆಲ್ಮಿಸಾರ್ಟನ್ ಉಳಿಸಿದೆ, ಡಾಪಾ ಮುಂದುವರಿಸಿದೆ. ಹತ್ತು ದಿನ ಬಿಟ್ಟು ಕೂತಾಗ 132/80, ನಿಂತಾಗ 126/78. ಕಣ್ಣು ಕತ್ತಲೆ ಹೋಯಿತು. ಎಲ್ಲರಲ್ಲೂ ತೆಗೆಯಬೇಕಾದ ಮಾತ್ರೆ ಇದೇ ಅಂತಲ್ಲ. ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪ್ ಮಾಡುವ ಶಕ್ತಿ ಸಾಲದ ಕಾಯಿಲೆ, ಇರುವವರಲ್ಲಿ ನೀರಿಳಿಸುವ ಮಾತ್ರೆ ಅಷ್ಟು ಸುಲಭಕ್ಕೆ ಬಿಡಿಸಲು ಬರುವುದಿಲ್ಲ. ಅದನ್ನು ನೋಡಿಕೊಳ್ಳುವ ಡಾಕ್ಟರೇ ತೀರ್ಮಾನ ಮಾಡಬೇಕು.

ಮನೆಯಲ್ಲಿ ಬಿ.ಪಿ. ಮೆಷಿನ್ ಇದ್ದರೆ ನೀವೇ ಮಾಡಬಹುದು. ಐದು ನಿಮಿಷ ಸುಮ್ಮನೆ ಕೂತು ಒಮ್ಮೆ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ, ಬರೆದಿಡಿ. ಮಾತ್ರೆ ಶುರುವಾದ ಮೊದಲ ತಿಂಗಳು ವಾರಕ್ಕೊಮ್ಮೆ ಮಾಡಿ. 70 ದಾಟಿದವರು, ಫ್ಯೂರೋಸಮೈಡ್, ಟಾರ್ಸಮೈಡ್, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ತಗೊಳ್ಳುವವರು ತಪ್ಪದೆ ಮಾಡಿ. ರಾತ್ರಿ ಮೂತ್ರಕ್ಕೆ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ಏಳಿ.

ಹೇಳಕ್ಕೆ ನಾಚಿಕೆ ಆಗ್ತದೆ ಡಾಕ್ಟ್ರೇ, ಕೆಳಗೆ ತುಂಬಾ ತುರಿಕೆ.

ಈ ಪ್ರಶ್ನೆಯನ್ನು ಹೆಂಗಸರು ಕೊನೆಗೆ, ಎದ್ದು ಬಾಗಿಲವರೆಗೆ ಹೋಗಿ ವಾಪಸ್ ಬಂದು ಕೇಳುತ್ತಾರೆ. ಎಷ್ಟೋ ಜನ ಕೇಳುವುದೇ ಇಲ್ಲ. ಒಬ್ಬ ಅಮ್ಮ ಮೂರು ತಿಂಗಳು ಕೊಬ್ಬರಿ ಎಣ್ಣೆ, ಅರಿಸಿನ ಹಚ್ಚಿಕೊಂಡು ಸುಮ್ಮನಿದ್ದರು. ಕೂರಲಿಕ್ಕೆ ಆಗದೆ ಸೊಸೆಯ ಹತ್ತಿರ ಹೇಳಿದರು. ಸೊಸೆ ನನಗೆ ಹೇಳಿದಳು. ಆ ಮೂರು ತಿಂಗಳ ಹಿಂದೆ ಮಾತ್ರೆ ಕೊಡುವಾಗ ನಾನೇ ಒಂದು ಮಾತು ಹೇಳಿದ್ದರೆ ಅಷ್ಟು ಅನುಭವಿಸಬೇಕಿರಲಿಲ್ಲ. ಈಗ ಮಾತ್ರೆ ಬರೆದ ದಿನವೇ ಹೇಳುತ್ತೇನೆ.

ಈ ಮಾತ್ರೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಅಡ್ಡ ಪರಿಣಾಮ ಇದೇ. ಮೂತ್ರದಲ್ಲಿ ಸಕ್ಕರೆ ಇರುವುದರಿಂದ ಆ ಜಾಗದಲ್ಲಿ ಬೂಸ್ಟು, ಅಂದರೆ ಕ್ಯಾಂಡಿಡಾ ಎಂಬ ಫಂಗಸ್, ಬೆಳೆಯುತ್ತದೆ. ಹೆಂಗಸರಲ್ಲಿ ತುರಿಕೆ, ಉರಿ, ಕೆಂಪಾಗುವುದು, ಮೊಸರಿನ ಗಟ್ಟಿಯಂತೆ ಬಿಳಿ ಹೋಗುವುದು. ಗಂಡಸರಿಗೂ ಬರುತ್ತದೆ. ಮುಂದೊಗಲು ಕೆಂಪಾಗಿ ಬಿರುಕು ಬಿಡುತ್ತದೆ, ಹಿಂದೆ ಸರಿಯುವುದೇ ಇಲ್ಲ. ಹೆಂಗಸರಲ್ಲಿ ಜಾಸ್ತಿ. ಮುಂಚೆ ಒಮ್ಮೆ ಬಂದಿದ್ದವರಿಗೆ ಮತ್ತೆ ಬರುವ ಸಂಭವ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ್ದನ್ನೇ ಹಾಕಿಕೊಂಡು ನಾಟಿಗೆ ಹೋಗುತ್ತಾರೆ, ದಿನವಿಡೀ ಒದ್ದೆಯಲ್ಲೇ ಇರುತ್ತಾರೆ. ಈ ಮಾತ್ರೆ ತಗೊಳ್ಳುವವರು ಒಳಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಪೂರ್ತಿ ಒಣಗಿಸಿಕೊಳ್ಳಲಿ, ಇಲ್ಲವೇ ಇಸ್ತ್ರಿ ಮಾಡಿ ಹಾಕಿಕೊಳ್ಳಲಿ. ನಾಲ್ಕಿದ್ದ ಕಡೆ ಎಂಟು ಜೊತೆ ಇಟ್ಟುಕೊಳ್ಳಿ. ಪ್ರತಿ ಸಲ ಮೂತ್ರ ಮಾಡಿದ ಮೇಲೆ ಬರೀ ನೀರಿನಲ್ಲಿ ತೊಳೆದು ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಗಂಡಸರು ಮುಂದೊಗಲು ಸರಿಸಿ ತೊಳೆದು ಒರೆಸಬೇಕು. ಸೋಪು, ಡೆಟಾಲ್ ಹಾಕಬೇಡಿ, ಚರ್ಮ ಇನ್ನೂ ಕೆಡುತ್ತದೆ.

ಬಂದರೆ ವಾಸಿಯಾಗುತ್ತದೆ. ಕ್ಲೋಟ್ರಿಮಜೋಲ್ ಮುಲಾಮು, ಬೇಕಾದರೆ ಫ್ಲುಕೋನಜೋಲ್ 150ರ ಒಂದೇ ಗುಳಿಗೆ. ಗುಳಿಗೆಯನ್ನು ಡಾಕ್ಟರಿಗೆ ಕೇಳಿಯೇ ತಗೊಳ್ಳಿ, ಬೇರೆ ಔಷಧಿಗಳ ಜೊತೆ ಜಗಳವಾಡುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆಸಿದ ತುರಿಕೆ ಕ್ರೀಮ್ ಬೇಡ. ಒಂದು ಸಲ ಬಂತು ಅಂತ ಶುಗರ್ ಮಾತ್ರೆ ಬಿಡಬೇಕಿಲ್ಲ. ಪದೇ ಪದೇ ಬಂದರೆ ಬೇರೆ ಮಾತ್ರೆಗೆ ಹೋಗುವುದೇ ಸರಿ.

ತುರಿಕೆ ಅಲ್ಲ, ಊದಿಕೊಂಡು ನೋವು ಬಂದಿದೆ, ಜ್ವರಾನೂ ಇದೆ.

ಕಾಯಬೇಡಿ, ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಜನನಾಂಗಕ್ಕೂ ಗುದದ್ವಾರಕ್ಕೂ ನಡುವಿನ ಜಾಗದಲ್ಲಿ ನೋವು, ಊತ, ಕೆಂಪು, ಜೊತೆಗೆ ಜ್ವರ, ಸುಸ್ತು ಬಂದರೆ ಅದು ಫೋರ್ನಿಯರ್ ಗ್ಯಾಂಗ್ರೀನ್ ಇರಬಹುದು. ಬಹಳ ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಹರಡುತ್ತದೆ, ಆಪರೇಷನ್ ಬೇಕಾಗುತ್ತದೆ. ಅಮೆರಿಕದ ಔಷಧ ಇಲಾಖೆ 2018ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಚಳಿಜ್ವರದ ಜೊತೆ ಸೊಂಟದ ಮೇಲಿನ ಪಕ್ಕೆ ನೋವು ಬಂದರೂ ತಡಮಾಡಬೇಡಿ, ಸೋಂಕು ಕಿಡ್ನಿಗೆ ಏರಿರಬಹುದು.

ಇದನ್ನ ತಗೊಂಡ್ರೆ ಶುಗರ್ ಪೂರ್ತಿ ಇಳಿದು ಬೀಳ್ತೀವಾ?

ಈ ಮಾತ್ರೆ ಒಂದರಿಂದಲೇ ಹಾಗಾಗುವುದು ಕಡಿಮೆ. ರಕ್ತದಲ್ಲಿ ಸಕ್ಕರೆ ಕಡಿಮೆಯಾದಂತೆ ಮೂತ್ರಕ್ಕೆ ಹೋಗುವುದೂ ಕಡಿಮೆಯಾಗುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಜೊತೆಗಿದ್ದರೆ ಶುಗರ್ 70ಕ್ಕಿಂತ ಕೆಳಗೆ ಹೋಗಬಹುದು. ಆಗ ಅವುಗಳ ಡೋಸ್ ಇಳಿಸಬೇಕಾಗುತ್ತದೆ.

ಮಾತ್ರೆ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಜಾಸ್ತಿಯಾಗಿದೆ. ಕಿಡ್ನಿ ಹೋಯ್ತಾ?

ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿ ಕ್ರಿಯಾಟಿನಿನ್. ಮೊದಲ ಕೆಲವು ವಾರದಲ್ಲಿ ಅದು ಸ್ವಲ್ಪ ಏರುವುದು ಸಹಜ. 1.1 ಇದ್ದದ್ದು 1.25 ಆಗಬಹುದು. ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಜರಡಿಯೊಳಗೆ ಒತ್ತಡ ಜಾಸ್ತಿ ಇರುತ್ತದೆ. ಮಾತ್ರೆ ಆ ಒತ್ತಡ ಇಳಿಸುತ್ತದೆ. ಒತ್ತಡ ಇಳಿದಾಗ ಸೋಸುವುದು ಸ್ವಲ್ಪ ನಿಧಾನವಾಗುತ್ತದೆ, ಅಂಕಿ ಏರುತ್ತದೆ. ಮುಂದಿನ ವರ್ಷಗಳಲ್ಲಿ ಕಿಡ್ನಿ ಉಳಿಯುವುದು ಇದರಿಂದಲೇ. ರಿಪೋರ್ಟ್ ನೋಡಿ ಹೆದರಿ ಮಾತ್ರೆ ಬಿಟ್ಟವರು ಆ ಲಾಭ ಕಳೆದುಕೊಳ್ಳುತ್ತಾರೆ. ಆದರೆ ಕಿಡ್ನಿಯ ಸೋಸುವ ಶಕ್ತಿ, ಅಂದರೆ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಬರುವ ಅಂಕಿ, ನೂರಕ್ಕೆ 30ಕ್ಕಿಂತ ಜಾಸ್ತಿ ಕುಸಿದರೆ ಬೇರೆ ಕಾರಣ ಹುಡುಕಬೇಕು.

ನಮ್ಮ ಕಡೆ ಆ ಬೇರೆ ಕಾರಣ ಬಹಳ ಸಲ ಸೊಂಟನೋವಿನ ಮಾತ್ರೆ. ಅಡಿಕೆ ಸುಲಿದು, ನಾಟಿ ನೆಟ್ಟು ಸೊಂಟ ಹಿಡಿದಾಗ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಅಂಗಡಿಯಿಂದಲೇ ತಂದು ದಿನಕ್ಕೆ ಎರಡರಂತೆ ನುಂಗುತ್ತಾರೆ. ಟೆಲ್ಮಿಸಾರ್ಟನ್, ಗ್ಲಿಫ್ಲೋಜಿನ್ ತಗೊಳ್ಳುವವರಿಗೆ ಮೈಯಲ್ಲಿ ನೀರು ಕಡಿಮೆಯಿದ್ದಾಗ ಈ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ನಿಜವಾದ ಪೆಟ್ಟು. ನೋವಿಗೆ ಪ್ಯಾರಾಸಿಟಮಾಲ್ ಸಾಕು.

## ಮಾತ್ರೆ ನಿಲ್ಲಿಸಬೇಕಾದ ದಿನಗಳು

ಜ್ವರ, ವಾಂತಿ ಬಂದಾಗ ಶುಗರ್ ಮಾತ್ರೆ ತಪ್ಪಿಸಬಾರದು ಅಂತಾರಲ್ಲ?

ಈ ಒಂದು ಮಾತ್ರೆಯ ವಿಷಯದಲ್ಲಿ ಉಲ್ಟಾ. ವಾಂತಿ, ಭೇದಿ, ಊಟ ಸೇರದ ಜ್ವರ ಬಂದ ದಿನ ಗ್ಲಿಫ್ಲೋಜಿನ್ ನಿಲ್ಲಿಸಿ. ಯಾರನ್ನೂ ಕೇಳಲು ಕಾಯಬೇಡಿ. ಮಳೆಗಾಲದ ಡೆಂಗಿ, ಇಲಿ ಜ್ವರ, ಬೇಸಿಗೆ ಕಡೆಗೆ ಬರುವ ಮಂಗನ ಕಾಯಿಲೆ, ಮದುವೆ ಊಟದ ಭೇದಿ, ಯಾವುದಾದರೂ ಅಷ್ಟೇ. ಮೈಯಿಂದ ಆಗಲೇ ನೀರು ಹೋಗುತ್ತಿರುವಾಗ ಮಾತ್ರೆ ಇನ್ನಷ್ಟು ಹೊರಹಾಕುತ್ತದೆ.

ಜೋಡಿ ಮಾತ್ರೆಯಾದರೆ ಪೂರ್ತಿ ಗುಳಿಗೆಯನ್ನೇ ನಿಲ್ಲಿಸಬೇಕಾಗುತ್ತದೆ. ಅದಕ್ಕೇ ಒಳಗೆ ಏನಿದೆ ಅಂತ ಮುಂಚೆಯೇ ತಿಳಿದಿರಬೇಕು. ಬಿ.ಪಿ. ಮಾತ್ರೆ, ಉಳಿದ ಶುಗರ್ ಮಾತ್ರೆ ಏನು ಮಾಡಬೇಕು ಅಂತ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಕೇಳಿ. ಇನ್ಸುಲಿನ್ ಮಾತ್ರ ಪೂರ್ತಿ ಬಿಡಲೇಬಾರದು, ಊಟ ಕಡಿಮೆಯಿದ್ದರೆ ಎಷ್ಟು ಹಾಕಬೇಕು ಅಂತ ಕೇಳಿ ಹಾಕಿ. ಉಪ್ಪು ಹಾಕಿದ ಗಂಜಿ, ಓಆರ್‌ಎಸ್, ಮಜ್ಜಿಗೆ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಶುಗರ್ ಇದೆ ಅಂತ ಗಂಜಿಗೆ ಹೆದರಬೇಡಿ, ಅವತ್ತು ಮೈಗೆ ಅನ್ನದ ಅಂಶ ಬೇಕು. ಒಂದೆರಡು ದಿನ ಎಂದಿನಂತೆ ಉಂಡು ಕುಡಿದ ಮೇಲೆ ಮಾತ್ರೆ ಮತ್ತೆ ಶುರು ಮಾಡಿ.

ಗ್ಲುಕೋಮೀಟರಲ್ಲಿ 174 ಅಷ್ಟೇ ಇತ್ತು. ಆದ್ರೂ ಅಮ್ಮನ್ನ ಐಸಿಯುಗೆ ಹಾಕಿದ್ರು, ಎಂತಕ್ಕೆ?

ಇದನ್ನು ಕೇಳಿದವರು ಮಗ. ತಾಯಿಗೆ 64 ವರ್ಷ, ಹದಿನಾಲ್ಕು ವರ್ಷದ ಶುಗರ್. ಇನ್ಸುಲಿನ್ ಇತ್ತು, ಜೊತೆಗೆ ಡಾಪಾ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ. ಜುಲೈ ತಿಂಗಳು, ಎರಡು ದಿನ ವಾಂತಿ. ಊಟ ಇಲ್ಲ ಅಂತ ಇನ್ಸುಲಿನ್ ನಿಲ್ಲಿಸಿದರು, ಮಾತ್ರೆ ತಪ್ಪಿಸಬಾರದು ಅಂತ ಮಾತ್ರೆ ಕೊಟ್ಟರು. ಮಾಡಬೇಕಾದದ್ದು ಸರಿಯಾಗಿ ಉಲ್ಟಾ ಆಯಿತು. ಮಗನ ತಪ್ಪಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ.

ಮೂರನೇ ದಿನ ಕರೆತಂದಾಗ ಆಕೆ ಗೋಡೆಗೆ ಒರಗಿ ಆಳವಾಗಿ ಉಸಿರೆಳೆಯುತ್ತಿದ್ದರು. ನಿಮಿಷಕ್ಕೆ 32 ಸಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶ ಚೊಕ್ಕವಾಗಿದೆ. ಹೊಟ್ಟೆನೋವು ಅನ್ನುತ್ತಿದ್ದರು. ಕಫ ಇಲ್ಲ, ಉಬ್ಬಸ ಇಲ್ಲ, ಆದರೂ ಹೀಗೆ ಉಸಿರಾಡುತ್ತಿದ್ದಾರೆ ಅಂದರೆ ರಕ್ತ ಹುಳಿಯಾಗಿದೆ ಅಂತ ಅನುಮಾನ ಪಡಬೇಕು. ಚೀಟಿಯಲ್ಲಿ 'ಡಾಪಾಗ್ಲಿಫ್ಲೋಜಿನ್ ತಗೊಳ್ಳುತ್ತಾರೆ, ಶುಗರ್ 174, ರಕ್ತದ ಕೀಟೋನ್ ನೋಡಿ' ಅಂತ ಬರೆದು 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. ಅಲ್ಲಿ ಕೀಟೋನ್ 5.2 ಬಂತು. 3 ದಾಟಿದರೇ ಅಪಾಯ. ನಾಲ್ಕು ದಿನಕ್ಕೆ ಹುಷಾರಾಗಿ ಮನೆಗೆ ಬಂದರು.

ಆಗಿದ್ದು ಇಷ್ಟು. ಇನ್ಸುಲಿನ್ ಸಾಲದಿದ್ದಾಗ ಮೈ ಕೊಬ್ಬನ್ನು ಉರಿಸುತ್ತದೆ, ಅದರಿಂದ ಕೀಟೋನ್ ಎಂಬ ಆಮ್ಲ ಹುಟ್ಟುತ್ತದೆ. ಸಾಮಾನ್ಯವಾಗಿ ಹೀಗಾದಾಗ ಶುಗರ್ 400, 500 ಇರುತ್ತದೆ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಈ ಮಾತ್ರೆ ತಗೊಂಡವರಲ್ಲಿ ಸಕ್ಕರೆ ಮೂತ್ರದಲ್ಲಿ ಹೋಗುತ್ತಲೇ ಇರುತ್ತದೆ. ಹಾಗಾಗಿ ಗ್ಲುಕೋಮೀಟರ್ 250ರ ಕೆಳಗೇ ತೋರಿಸುತ್ತಿರುತ್ತದೆ, ಒಳಗೆ ಆಮ್ಲ ಏರುತ್ತಿರುತ್ತದೆ. ಶುಗರ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಮನೆಗೆ ಕಳಿಸುವ ಸಾಧ್ಯತೆ ಇರುವುದು ಇಲ್ಲೇ. ಅಮೆರಿಕದಲ್ಲಿ ಇದರ ಎಚ್ಚರಿಕೆ 2015ರಲ್ಲೇ ಬಂತು. ಟೈಪ್ 2 ಶುಗರಿನವರಲ್ಲಿ ಇದು ಅಪರೂಪ. ಆದರೆ ಬಂದಾಗ ಗುರುತಿಸದೆ ಹೋದರೆ ಜೀವಕ್ಕೇ ಅಪಾಯ.

ಮೂತ್ರದ ಕೀಟೋನ್ ಪಟ್ಟಿ ಇಲ್ಲಿ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಈ ಮಾತ್ರೆ ಇದ್ದಾಗ ಅದು ಕಡಿಮೆ ತೋರಿಸಬಹುದು. ರಕ್ತದ ಕೀಟೋನನ್ನೇ ನೋಡಬೇಕು. ವಾಕರಿಕೆ, ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು, ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಬಂದರೆ ಶುಗರ್ ಎಷ್ಟೇ ಇರಲಿ, ಹೋದ ಆಸ್ಪತ್ರೆಯಲ್ಲಿ ಮೊದಲು ಮಾತ್ರೆಯ ಹೆಸರು ಹೇಳಿ. ಮಾತ್ರೆ ಬಿಟ್ಟು ಎರಡು ಮೂರು ದಿನ ಆಗಿದ್ದರೂ ಹೇಳಿ, ಅದರ ಗುಣ ಅಷ್ಟು ದಿನ ಮೈಯಲ್ಲಿ ಉಳಿದಿರುತ್ತದೆ.

ಏಕಾದಶಿ ಮಾಡ್ತೀನಿ. ನಮ್ಮ ಪಕ್ಕದ ಮನೆ ಸಾಬ್ರು ರೋಜಾ ಹಿಡೀತಾರೆ. ಏನು ಮಾಡಬೇಕು?

ನಿರಾಹಾರ ಏಕಾದಶಿಯಾದರೆ ಅವತ್ತು ಮಾತ್ರೆ ಬೇಡ, ಮಾರನೇ ದಿನ ಪಾರಣೆ ಮಾಡಿ ಊಟ ಸರಿಯಾದ ಮೇಲೆ ತಗೊಳ್ಳಿ. ಹಣ್ಣು, ಅವಲಕ್ಕಿ ತಿನ್ನುವ ಉಪವಾಸವಾದರೆ ನಿಮ್ಮ ಡಾಕ್ಟರನ್ನು ಕೇಳಿ. ರಂಜಾನ್ ತಿಂಗಳು ಬೇರೆ ಲೆಕ್ಕ, ಮೂವತ್ತು ದಿನ ಹಗಲು ನೀರೂ ಇಲ್ಲ. ಇಷ್ಟು ದಿನ ಒಗ್ಗಿರುವವರು ಇಫ್ತಾರಿನ ಹೊತ್ತಿಗೆ ತಗೊಂಡು ರಾತ್ರಿ ಚೆನ್ನಾಗಿ ನೀರು ಕುಡಿಯಬಹುದು. ಹೊಸದಾಗಿ ರಂಜಾನ್ ಸಮಯದಲ್ಲಿ ಶುರು ಮಾಡುವುದು ಸರಿಯಲ್ಲ. ವಯಸ್ಸಾದವರು, ನೀರಿಳಿಸುವ ಮಾತ್ರೆ ತಗೊಳ್ಳುವವರು ಆ ತಿಂಗಳು ಬಿಡುವುದೇ ಮೇಲು. ಇದನ್ನು ತಿಂಗಳ ಮುಂಚೆಯೇ ಬಂದು ಮಾತಾಡಿ. ತೂಕ ಇಳಿಸಲು ಅನ್ನ, ರೊಟ್ಟಿ ಪೂರ್ತಿ ಬಿಡುವ ಕೀಟೋ ಡಯಟ್‌ಗೂ ಈ ಮಾತ್ರೆಗೂ ಆಗಿಬರುವುದಿಲ್ಲ.

ಆಪರೇಷನ್ ಇದೆ. ಅವತ್ತು ಬೆಳಿಗ್ಗೆ ಬಿಟ್ರೆ ಸಾಕಾ?

ಸಾಲದು. ಡಾಪಾ, ಎಂಪಾ, ಕೆನಾ ಆದರೆ ಮೂರು ದಿನ ಮುಂಚೆ ನಿಲ್ಲಿಸಬೇಕು. ಉಪವಾಸ, ಆಪರೇಷನ್ನಿನ ಒತ್ತಡ ಎರಡೂ ಸೇರಿದಾಗ ಮೇಲೆ ಹೇಳಿದ ಕೀಟೋನ್ ತೊಂದರೆ ಬರುತ್ತದೆ. ಹೊಟ್ಟೆ ಖಾಲಿ ಮಾಡಿಸಿ ಮಾಡುವ ಕೊಲೊನೋಸ್ಕೋಪಿಗೂ ಹಾಗೇ ಮುಂಚೆ ನಿಲ್ಲಿಸಬೇಕು. ಆಪರೇಷನ್ ಮಾಡುವವರಿಗೂ, ಅರಿವಳಿಕೆ ಕೊಡುವವರಿಗೂ ಹೆಸರು ಹೇಳಿ.

ಯಾರಿಗೆ ಈ ಮಾತ್ರೆ ಬೇಡವೇ ಬೇಡ?

ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಟೈಪ್ 1 ಶುಗರಿನವರು, ಬಸುರಿ, ಬಾಣಂತಿಯರು, ಹಿಂದೆ ಒಮ್ಮೆ ಕೀಟೋನ್ ಏರಿ ಆಸ್ಪತ್ರೆ ಸೇರಿದವರು. ದಿನಾ ಕುಡಿದು ಊಟ ಬಿಡುವವರಿಗೆ ನಾನು ಬರೆಯುವುದಿಲ್ಲ. ಕಾಲಿನಲ್ಲಿ ವಾಸಿಯಾಗದ ಹುಣ್ಣು ಇದ್ದರೆ ಮೊದಲು ಅದನ್ನು ನೋಡಬೇಕು. ತೀರಾ ಬಡಕಲಾಗಿ, ಊಟ ಸೇರದೆ ಇರುವ ಹಿರಿಯರಿಗೂ ಯೋಚಿಸಿಯೇ ಕೊಡಬೇಕು.

ತೂಕ ಇಳಿಸುವ ಇಂಜೆಕ್ಷನ್ನೂ ಬಿ.ಪಿ. ಇಳಿಸುತ್ತಂತೆ, ಅದೂ ಇದೂ ಒಂದೇನಾ?

ಬೇರೆ ಬೇರೆ. ಸೆಮಾಗ್ಲುಟೈಡ್, ಲಿರಾಗ್ಲುಟೈಡ್, ಟಿರ್ಜೆಪಟೈಡ್ ಇವು ಹಸಿವು ಕಡಿಮೆ ಮಾಡುತ್ತವೆ, ಹೊಟ್ಟೆ ನಿಧಾನ ಖಾಲಿಯಾಗುವಂತೆ ಮಾಡುತ್ತವೆ. ಬಿ.ಪಿ. ಇಳಿಯುವುದು ಬಹುಪಾಲು ತೂಕ ಇಳಿದದ್ದರಿಂದ. ನಾಡಿ ಬಡಿತ ಮಾತ್ರ ನಿಮಿಷಕ್ಕೆ ಎರಡರಿಂದ ನಾಲ್ಕು ಜಾಸ್ತಿಯಾಗುತ್ತದೆ. ಇವುಗಳ ಮುಖ್ಯ ತೊಂದರೆ ವಾಕರಿಕೆ, ವಾಂತಿ, ಮಲಬದ್ಧತೆ. ಬೆನ್ನಿಗೆ ಹೊಡೆಯುವ ಹೊಟ್ಟೆನೋವು ಬಂದರೆ ಮೇದೋಜೀರಕ ಗ್ರಂಥಿ ಊದಿರಬಹುದು, ಆಸ್ಪತ್ರೆಗೆ ಹೋಗಿ. ಇಂಜೆಕ್ಷನ್ ಮತ್ತು ಗ್ಲಿಫ್ಲೋಜಿನ್ ಎರಡೂ ಇದ್ದು, ಇಂಜೆಕ್ಷನ್ನಿನಿಂದ ವಾಂತಿ ಹಿಡಿದರೆ, ಗ್ಲಿಫ್ಲೋಜಿನ್ ನಿಲ್ಲಿಸಿ ಫೋನ್ ಮಾಡಿ.

ನಮ್ಮ ಅಣ್ಣನಿಗೆ ಶುಗರೇ ಇಲ್ಲ. ಆದ್ರೂ ಹಾರ್ಟಿನ ಡಾಕ್ಟ್ರು ಇದೇ ಮಾತ್ರೆ ಬರೆದಿದ್ದಾರೆ. ತಪ್ಪಾಗಿದೆಯಾ?

ತಪ್ಪಾಗಿಲ್ಲ. ಹೃದಯ ಪಂಪ್ ಮಾಡುವ ಶಕ್ತಿ ಕುಗ್ಗಿದವರಿಗೆ ಡಾಪಾ ಕೊಟ್ಟು ನೋಡಿದ ದೊಡ್ಡ ಅಧ್ಯಯನ 2019ರಲ್ಲಿ ಬಂತು. ಶುಗರ್ ಇದ್ದವರಿಗೂ ಇಲ್ಲದವರಿಗೂ ಉಪಯೋಗ ಆಯಿತು. ಮರುವರ್ಷ ಕಿಡ್ನಿ ಕಾಯಿಲೆಯಲ್ಲೂ ಹಾಗೇ ಕಂಡಿತು. ಈಗ ಹಾರ್ಟ್ ಫೇಲ್ಯೂರ್, ಕಿಡ್ನಿ ಕಾಯಿಲೆ ಎರಡಕ್ಕೂ ಇದನ್ನು ಕೊಡುತ್ತಾರೆ. ಶುಗರ್ ಇಲ್ಲದವರ ಸಕ್ಕರೆ ಇದರಿಂದ ಕೆಳಗೆ ಕುಸಿಯುವುದಿಲ್ಲ. ಆದರೆ ಶುಗರಿಗೆ ಅಲ್ಲವಲ್ಲ ಅಂತ ಅಣ್ಣ ವಾಂತಿಭೇದಿಯ ದಿನವೂ ನುಂಗುತ್ತಿರಬಹುದು. ನಿಲ್ಲಿಸುವ ನಿಯಮ, ತೊಳೆದು ಒರೆಸುವ ನಿಯಮ, ಎದ್ದು ನಿಂತು ಬಿ.ಪಿ. ನೋಡುವುದು ಮೂರೂ ಅವರಿಗೂ ಉಂಟು. ಹಾರ್ಟಿನವರು ದಿನಕ್ಕೆ ಇಷ್ಟೇ ನೀರು ಅಂತ ಮಿತಿ ಹಾಕಿರುತ್ತಾರೆ. ಜಾಸ್ತಿ ನೀರು ಕುಡಿಯಿರಿ ಅನ್ನುವ ಮಾತನ್ನು ಅಣ್ಣನಿಗೆ ಹೇಳಬೇಡಿ, ಆ ಅಳತೆಯನ್ನು ಅವರ ಡಾಕ್ಟರೇ ಬದಲಿಸಲಿ.